ಹುಂಡಿಯಲ್ಲ, ಚಂದಾ: ದುಬೈ–ಅಬುಧಾಬಿಯಲ್ಲಿ ಕಿರುಕಂತಿನ ಪೋಷಣೆಯ ಲೆಕ್ಕಾಚಾರ

ಯೂಟ್ಯೂಬ್ ವಾಹಿನಿಯನ್ನೋ ಪಾಡ್‌ಕಾಸ್ಟನ್ನೋ ಕಥಾವಾಚನದ ಸರಣಿಯನ್ನೋ ನಡೆಸುವವರಿಗೆ ತಮ್ಮ ನೋಡುಗರು ಮತ್ತು ಕೇಳುಗರಿಂದ ನೇರವಾಗಿ ಹಣ ಪಡೆಯಲು ಇಂದು ಎರಡು ದಾರಿಗಳಿವೆ. ಮೊದಲನೆಯದು ‘ಟಿಪ್ ಜಾರ್’. ಮೆಚ್ಚಿದವರು ಮೆಚ್ಚಿದ ದಿನ ತೋಚಿದಷ್ಟು ಕೊಟ್ಟು ಹೋಗುವ ಈ ವ್ಯವಸ್ಥೆಯಲ್ಲಿ ಕೊಟ್ಟವರಿಗೂ ಪಡೆದವರಿಗೂ ಮುಂದಿನ ತಿಂಗಳ ಹಂಗಿರುವುದಿಲ್ಲ. ಎರಡನೆಯದು ‘ಬೆಂಬಲಿಗರ ಪುಟ’. ಇಲ್ಲಿ ಬೆಂಬಲಿಗರು ತಮ್ಮ ಕಾರ್ಡನ್ನು ಒಮ್ಮೆ ನೋಂದಾಯಿಸಿದರೆ ಪ್ರತಿ ತಿಂಗಳು ನಿಗದಿತ ಕಿರುಮೊತ್ತ ತಾನಾಗಿಯೇ ಕಡಿತವಾಗುತ್ತದೆ, ಅದಕ್ಕೆ ಪ್ರತಿಯಾಗಿ ಅವರಿಗೆ ಸದಸ್ಯತ್ವದ ಕೆಲವು ಸೌಲಭ್ಯಗಳು ದೊರೆಯುತ್ತವೆ. 2013ರಲ್ಲಿ ಸಂಗೀತಗಾರ ಜ್ಯಾಕ್ ಕಾಂಟೆ ಮತ್ತು ಸ್ಯಾಮ್ ಯಾಮ್ ಆರಂಭಿಸಿದ ಪೇಟ್ರಿಯಾನ್ ಈ ಎರಡನೆಯ ಬಗೆಯ ಪ್ರಸಿದ್ಧ ಮಾದರಿ. ಕೋ-ಫೈ ಮತ್ತು ಕೇರಳ ಮೂಲದ ಯುವಜನರು ಕಟ್ಟಿದ ‘ಬೈ ಮಿ ಎ ಕಾಫಿ’ ಎರಡೂ ಬಗೆಗಳನ್ನು ಬೆರೆಸಿದವು.

ಕೊಲ್ಲಿಯ ಕನ್ನಡಿಗರಿಗೆ ಪೋಷಣೆ ಹೊಸದಲ್ಲವಾದರೂ ಈ ಬಗೆಯ ಪೋಷಣೆ ಹೊಸದು. ದುಬೈ, ಅಬುಧಾಬಿ, ಶಾರ್ಜಾಗಳ ಕರ್ನಾಟಕ ಸಂಘಗಳ ರಾಜ್ಯೋತ್ಸವವಿರಲಿ, ಊರಿನ ಕಲಾವಿದರನ್ನು ಕರೆಸಿ ಆಡಿಸುವ ಯಕ್ಷಗಾನವಿರಲಿ, ಅವು ಬಹುಮಟ್ಟಿಗೆ ನಿಂತಿರುವುದು ಪ್ರಾಯೋಜಕರ ಮೇಲೆ. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ಹೆಸರು ಕಾಣುವ ಕೆಲವೇ ಉದ್ಯಮಿಗಳು ಖರ್ಚಿನ ಬಹುಪಾಲನ್ನು ಹೊರುತ್ತಾರೆ. ಉಡುಪಿ ಮೂಲದ ಬಿ.ಆರ್. ಶೆಟ್ಟಿ ಅವರು 1975ರಲ್ಲಿ ಅಬುಧಾಬಿಯಲ್ಲಿ ಕಟ್ಟಿದ ಎನ್‌ಎಂಸಿ ಆಸ್ಪತ್ರೆ ಸಮೂಹವು ಬೆಳೆದ ದಶಕಗಳಲ್ಲಿ ಅವರು ಅಲ್ಲಿನ ಕನ್ನಡ ಮತ್ತು ತುಳು ಸಮಾರಂಭಗಳ ದೊಡ್ಡ ಪೋಷಕರೆಂದು ಹೆಸರಾಗಿದ್ದರು. 2020ರಲ್ಲಿ ಆ ಸಮೂಹ ಸಾಲದ ಸುಳಿಗೆ ಸಿಲುಕಿ ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಗೆ ಹೋಯಿತು. ವರ್ಷಕ್ಕೊಮ್ಮೆ ನಡೆಯುವ ಸಮಾರಂಭಕ್ಕೆ ಒಬ್ಬರಲ್ಲದಿದ್ದರೆ ಇನ್ನೊಬ್ಬ ಪ್ರಾಯೋಜಕರು ಸಿಕ್ಕಾರು. ಆದರೆ ವಾರವಾರವೂ ಸಂಚಿಕೆ ಹೊರಡಿಸಬೇಕಾದ ವಾಹಿನಿಗೆ ದೊಡ್ಡ ಕೈಯೊಂದಕ್ಕಿಂತ ನೂರಾರು ಸಣ್ಣ ಕೈಗಳೇ ಆಸರೆ. ಕನ್ನಡದಲ್ಲಿ ಇದಕ್ಕೆ ಮೇಲ್ಪಂಕ್ತಿಯೂ ಉಂಟು: 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತಿನ ಗೊಡವೆಗೇ ಹೋಗದೆ, ವಾರವಾರ ಕೊಂಡು ಓದುವವರ ಚಿಲ್ಲರೆ ಹಣದ ಮೇಲೆ ನಡೆಯಿತು.

ಈ ಪದ್ಧತಿಯನ್ನು ಸಂಯುಕ್ತ ಅರಬ್ ಸಂಸ್ಥಾನದಲ್ಲಿ, ಅಂದರೆ ಯುಎಇಯಲ್ಲಿ, ಅನುಸರಿಸ ಹೊರಟವರು ಮೊದಲು ನೋಡಬೇಕಾದದ್ದು ಕಾನೂನನ್ನು. ಅಲ್ಲಿ ‘ದೇಣಿಗೆ’ ಎಂಬುದು ಯಾರು ಬೇಕಾದರೂ ಕೇಳಬಹುದಾದ ಸಂಗತಿಯಲ್ಲ. ದುಬೈ 2015ರ 9ನೇ ಸಂಖ್ಯೆಯ ಆಜ್ಞೆಯ ಮೂಲಕ, ಇಸ್ಲಾಮಿಕ್ ವ್ಯವಹಾರ ಮತ್ತು ದತ್ತಿ ಚಟುವಟಿಕೆಗಳ ಇಲಾಖೆಯ ಅನುಮತಿಯಿಲ್ಲದೆ ನಿಧಿ ಸಂಗ್ರಹಿಸುವುದನ್ನೂ ಅದಕ್ಕೆ ಪ್ರಚಾರ ಕೊಡುವುದನ್ನೂ ನಿಷೇಧಿಸಿತು. ಇಡೀ ದೇಶಕ್ಕೆ ಅನ್ವಯಿಸುವ 2021ರ 3ನೇ ಸಂಖ್ಯೆಯ ಫೆಡರಲ್ ಕಾನೂನು ದೇಣಿಗೆ ಸಂಗ್ರಹವನ್ನು ಪರವಾನಗಿ ಪಡೆದ ಸಂಸ್ಥೆಗಳಿಗಷ್ಟೇ ಮೀಸಲಿಟ್ಟು ವ್ಯಕ್ತಿಗಳನ್ನು ಹೊರಗಿಟ್ಟಿತು. ಅದೇ ವರ್ಷದ 34ನೇ ಸಂಖ್ಯೆಯ ಸೈಬರ್ ಅಪರಾಧ ಕಾನೂನು ಅಂತರ್ಜಾಲದಲ್ಲಿ ಅನುಮತಿಯಿಲ್ಲದೆ ದೇಣಿಗೆ ಕೇಳುವುದಕ್ಕೆ ಸೆರೆವಾಸ ಅಥವಾ 5,00,000 ದಿರ್ಹಮ್‌ವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಇವು ಕಾಗದದ ಮೇಲಷ್ಟೇ ಉಳಿದ ನಿಯಮಗಳಲ್ಲ. ದುಬೈ ನಿವಾಸಿಯಾಗಿದ್ದ ಬ್ರಿಟಿಷ್–ಆಸ್ಟ್ರೇಲಿಯನ್ ಪೌರನೊಬ್ಬ ಅಫ್ಘಾನ್ ನಿರಾಶ್ರಿತರಿಗೆ ಹೊದಿಕೆ ಕೊಡಿಸುವ ಅಮೆರಿಕದ ದತ್ತಿ ಸಂಸ್ಥೆಯೊಂದರ ಮನವಿಯನ್ನು ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡದ್ದಕ್ಕೆ 2016ರಲ್ಲಿ ವಾರಗಟ್ಟಲೆ ಬಂಧನದಲ್ಲಿರಬೇಕಾಯಿತು.

ಹೀಗಿರುವಾಗ ಬೆಂಗಳೂರಿನಲ್ಲೋ ಲಂಡನ್ನಿನಲ್ಲೋ ನಿರಪಾಯವಾಗಿ ಬರೆಯಬಹುದಾದ ‘ನಮ್ಮ ವಾಹಿನಿಗೆ ದೇಣಿಗೆ ನೀಡಿ’ ಎಂಬ ಸಾಲು ಅಬುಧಾಬಿಯಲ್ಲಿ ಕುಳಿತು ಬರೆದಾಗ ಬೇರೆಯದೇ ಅರ್ಥ ಪಡೆಯುತ್ತದೆ. ಪ್ರತಿಫಲವಿಲ್ಲದೆ ಹಣ ಬೀಳುವ ಹುಂಡಿಗೂ ಹೇಳಿದ ಸೇವೆಗೆ ಹೇಳಿದ ಬೆಲೆ ಪಡೆಯುವ ಚಂದಾಕ್ಕೂ ಇರುವ ಅಂತರವೇ ಇಲ್ಲಿ ಮುಖ್ಯ, ಮತ್ತು ಈ ಅಂತರ ಗುಂಡಿಯ ಮೇಲಿನ ಹೆಸರನ್ನು ಬದಲಿಸಿದ ಮಾತ್ರಕ್ಕೆ ಉಂಟಾಗುವುದಿಲ್ಲ. ಸದಸ್ಯರಿಗೆ ನಿಜವಾಗಿಯೂ ಏನನ್ನಾದರೂ ಕೊಡಬೇಕು. ಕೊಡುವುದು ಏನು, ಎಷ್ಟು ದಿನಕ್ಕೊಮ್ಮೆ, ಬೆಲೆಯೆಷ್ಟು, ರದ್ದು ಮಾಡುವುದು ಹೇಗೆ ಎಂಬುದೆಲ್ಲ ಪುಟದಲ್ಲಿರಬೇಕು. ಆ ಹಣದ ಒಂದು ಪಾಲನ್ನು ಊರಿನ ಶಾಲೆಗೋ ರೋಗಿಯ ಚಿಕಿತ್ಸೆಗೋ ಕೊಡುವ ಮಾತನ್ನು, ಎಷ್ಟೇ ಸದುದ್ದೇಶದ್ದಾದರೂ, ಅಲ್ಲಿ ಸೇರಿಸಕೂಡದು. ಸಂಬಳದ ಕೆಲಸದಲ್ಲಿರುವವರಿಗೆ ಇಂಥ ಗಳಿಕೆಗೆ ಪ್ರತ್ಯೇಕ ಅನುಮತಿಯೂ ಬೇಕಾಗುತ್ತದೆ. ದುಬೈಯ ಮಾಧ್ಯಮ ಮುಕ್ತ ವಲಯದ ‘ಫ್ರೀಲಾನ್ಸ್’ ಪರವಾನಗಿ ಇದಕ್ಕೆ ರೂಢಿಯ ದಾರಿ, ಅದರ ವಾರ್ಷಿಕ ಶುಲ್ಕ ಸುಮಾರು 7,500 ದಿರ್ಹಮ್. ಸಂಚಿಕೆಯ ನಡುವೆ ಯಾವುದಾದರೂ ಅಂಗಡಿಯನ್ನೋ ಸರಕನ್ನೋ ಹೊಗಳುವುದಿದ್ದರೆ, ಯುಎಇ ಮಾಧ್ಯಮ ಮಂಡಳಿಯು 2025ರ ಜುಲೈನಲ್ಲಿ ಪ್ರಕಟಿಸಿದ ‘ಜಾಹೀರಾತುದಾರ ಅನುಮತಿ’ಯೂ ಬೇಕು. ತೆರಿಗೆಯ ಚಿಂತೆ ಮಾತ್ರ ಇಷ್ಟು ಸಣ್ಣ ವಹಿವಾಟಿಗೆ ದೂರದ್ದು, ಶೇ. 5ರ ವ್ಯಾಟ್ ನೋಂದಣಿ ಕಡ್ಡಾಯವಾಗುವುದು ವರ್ಷದ ವಹಿವಾಟು 3,75,000 ದಿರ್ಹಮ್ ದಾಟಿದ ಮೇಲೆ.

ಇನ್ನು ಹಣದ ಹಾದಿ. ಬೆಂಬಲಿಗರ ಕಾರ್ಡಿನಿಂದ ಹೊರಟ ಮೊತ್ತ ವಾಹಿನಿಯವರ ಖಾತೆ ತಲುಪುವಷ್ಟರಲ್ಲಿ ಎರಡು ಕಡೆ ಕತ್ತರಿ ಬೀಳುತ್ತದೆ. ಒಂದು ಪುಟ ನಡೆಸುವ ಸಂಸ್ಥೆಯ ಕಮಿಷನ್. ಬೈ ಮಿ ಎ ಕಾಫಿಯಲ್ಲಿ ಅದು ಶೇ. 5, ಪೇಟ್ರಿಯಾನಿಗೆ ಹೊಸದಾಗಿ ಸೇರುವವರಿಗೆ ಶೇ. 10. ಇನ್ನೊಂದು, ಕಾರ್ಡಿನಿಂದ ಹಣ ಎಳೆದುಕೊಡುವ ಪಾವತಿ ಸಂಸ್ಥೆಯ ಶುಲ್ಕ. 2021ರಲ್ಲಿ ಯುಎಇಗೆ ಬಂದ ಸ್ಟ್ರೈಪ್ ಅಲ್ಲಿನ ಕಾರ್ಡುಗಳಿಗೆ ವಿಧಿಸುವ ಘೋಷಿತ ದರ ಶೇ. 2.9 ಹಾಗೂ ಪ್ರತಿ ವಹಿವಾಟಿಗೆ 1 ದಿರ್ಹಮ್. ಶೇಕಡಾವಾರು ಶುಲ್ಕ ಮೊತ್ತಕ್ಕೆ ತಕ್ಕಂತೆ ಏರಿಳಿಯುತ್ತದೆ. ಕಿರುಕಂತನ್ನು ನಿಜವಾಗಿ ಸವೆಸುವುದು ಅದರ ಪಕ್ಕದ ಆ ಒಂದು ದಿರ್ಹಮ್. 5 ದಿರ್ಹಮ್ ಕಂತಿನಲ್ಲಿ ಪಾವತಿ ಶುಲ್ಕವೇ ಸುಮಾರು ಶೇ. 23ರಷ್ಟಾದರೆ, 10 ದಿರ್ಹಮಿಗೆ ಅದು ಶೇ. 13ರ ಆಸುಪಾಸಿಗೆ, 20 ದಿರ್ಹಮಿಗೆ ಶೇ. 8ಕ್ಕಿಂತ ಕೆಳಕ್ಕೆ ಇಳಿಯುತ್ತದೆ.

ದುಬೈಯಿಂದ ಹೊರಡುವ ಕನ್ನಡ ಪಾಡ್‌ಕಾಸ್ಟೊಂದಕ್ಕೆ ತಿಂಗಳಿಗೆ 10 ದಿರ್ಹಮ್ ಕೊಡುವ 200 ಸದಸ್ಯರಿದ್ದಾರೆ, ಎಲ್ಲರ ಕಾರ್ಡುಗಳೂ ಯುಎಇಯವು, ಪುಟದ ಕಮಿಷನ್ ಶೇ. 5 ಎಂದು ಭಾವಿಸೋಣ. ಪ್ರತಿ ಕಂತಿನಲ್ಲಿ ಪಾವತಿ ಶುಲ್ಕ 1.29, ಕಮಿಷನ್ 0.50 ಕಳೆದು 8.21 ದಿರ್ಹಮ್ ಉಳಿಯುತ್ತದೆ; ಒಟ್ಟು 2,000ದಲ್ಲಿ ಕೈಗೆ ಬರುವುದು 1,642. ಒಬ್ಬ ಸದಸ್ಯನಿಂದ ವರ್ಷಕ್ಕೆ ದಕ್ಕುವುದು 98.52 ದಿರ್ಹಮ್, ಆದ್ದರಿಂದ 7,500 ದಿರ್ಹಮಿನ ಪರವಾನಗಿಯ ಖರ್ಚು ಹುಟ್ಟಬೇಕಾದರೇ 77 ಮಂದಿ ವರ್ಷವಿಡೀ ನಿಲ್ಲಬೇಕು. ಅದಕ್ಕಿಂತ ಕಡಿಮೆ ಬೆಂಬಲಿಗರ ನಿರೀಕ್ಷೆಯಿರುವವರು ಈ ಪುಟ ತೆರೆಯದಿರುವುದೇ ಲೇಸು.

ಅದೇ ಸದಸ್ಯ ವರ್ಷದ ಕಂತನ್ನು ಒಮ್ಮೆಗೇ ಕಟ್ಟಿದರೆ ಆ ಒಂದು ದಿರ್ಹಮ್ ಹನ್ನೆರಡು ಸಲದ ಬದಲು ಒಂದೇ ಸಲ ಕಡಿತವಾಗುತ್ತದೆ. ಒಂದು ತಿಂಗಳನ್ನು ಉಚಿತವೆಂದು ಬಿಟ್ಟುಕೊಟ್ಟು ವಾರ್ಷಿಕ ಚಂದಾವನ್ನು 110 ದಿರ್ಹಮಿಗೆ ಇಟ್ಟರೂ ಪಾವತಿ ಶುಲ್ಕ 4.19, ಕಮಿಷನ್ 5.50 ಕಳೆದು 100.31 ದಿರ್ಹಮ್ ಉಳಿಯುತ್ತದೆ. ಸದಸ್ಯನಿಗೆ ಹತ್ತು ದಿರ್ಹಮ್ ಉಳಿತಾಯ, ವಾಹಿನಿಗೂ ತುಸು ಹೆಚ್ಚಿನ ಆದಾಯ, ಅದೂ ಮುಂಗಡವಾಗಿ. ಯೂಟ್ಯೂಬಿನ ಸದಸ್ಯತ್ವ ಇದಕ್ಕಿಂತ ಸುಲಭವೆಂಬುದು ನಿಜ, ಏಕೆಂದರೆ ಹಣ ವಸೂಲಿಯ ತಲೆನೋವನ್ನೆಲ್ಲ ಆ ಸಂಸ್ಥೆಯೇ ಹೊರುತ್ತದೆ. ಆದರೆ ಅದು ಇಟ್ಟುಕೊಳ್ಳುವ ಪಾಲು ಶೇ. 30, ಜೊತೆಗೆ ಸದಸ್ಯರ ಇಮೇಲ್ ವಿಳಾಸ ವಾಹಿನಿಯವರ ಕೈಗೆ ಸಿಗುವುದಿಲ್ಲ. ಆ ವಿಳಾಸದ ಬೆಲೆ ಎಷ್ಟೆಂಬುದು ಸದಸ್ಯರು ಕಳಚಿಕೊಳ್ಳತೊಡಗಿದಾಗ ತಿಳಿಯುತ್ತದೆ.

ಶುಲ್ಕವನ್ನು ಯಾರು ಹೊರಬೇಕೆಂಬ ವಿಷಯದಲ್ಲಿ ಎಡವಿದರೆ ಏನಾಗುತ್ತದೆ ಎಂಬುದಕ್ಕೆ 2017ರ ಡಿಸೆಂಬರಿನ ಪ್ರಸಂಗವೊಂದು ಈ ಕ್ಷೇತ್ರದಲ್ಲಿ ಇಂದಿಗೂ ನೆನಪಾಗುತ್ತದೆ. ಪೇಟ್ರಿಯಾನ್ ಆವರೆಗೆ ಒಬ್ಬ ಬೆಂಬಲಿಗ ಹಲವರಿಗೆ ಕೊಡುವ ಕಂತುಗಳನ್ನು ಕೂಡಿಸಿ ಕಾರ್ಡಿನಿಂದ ಒಂದೇ ಬಾರಿ ಹಣ ಪಡೆಯುತ್ತಿದ್ದುದರಿಂದ ಸ್ಥಿರ ಶುಲ್ಕ ಎಲ್ಲರಲ್ಲೂ ಹಂಚಿಹೋಗುತ್ತಿತ್ತು. ಆ ತಿಂಗಳು ಅದು ಪ್ರತಿ ಕಂತಿನ ಮೇಲೂ ಶೇ. 2.9 ಮತ್ತು 35 ಸೆಂಟ್‌ಗಳನ್ನು ಬೆಂಬಲಿಗರಿಂದಲೇ ವಸೂಲು ಮಾಡುವುದಾಗಿ ಪ್ರಕಟಿಸಿತು. ಐದು ಡಾಲರ್ ಕೊಡುವವರಿಗೆ ಇದು ದೊಡ್ಡದೆನಿಸಲಿಲ್ಲ. ಹತ್ತು ಮಂದಿಗೆ ಒಂದೊಂದು ಡಾಲರ್ ಹಂಚುತ್ತಿದ್ದವರಿಗೆ ಮಾತ್ರ ಪ್ರತಿ ಡಾಲರೂ 1.38 ಡಾಲರ್ ಆಗಿ, ಅವರು ಸಾಲುಸಾಲಾಗಿ ಹೊರನಡೆದರು. ಒಂದೇ ವಾರದಲ್ಲಿ ಸಂಸ್ಥೆ ಕ್ಷಮೆ ಕೇಳಿ ನಿರ್ಧಾರ ಹಿಂತೆಗೆದುಕೊಂಡಿತು. ಕಿರುಕಂತಿನ ಬೆಂಬಲಿಗರನ್ನು ನೋಯಿಸಿದ್ದು ಮೊತ್ತವಷ್ಟೇ ಅಲ್ಲ, ಕೇಳದೆ ಬದಲಾದ ಕರಾರು ಕೂಡ. ಯುಎಇಯಲ್ಲಿ ಇದೇ ಬಗೆಯ ಕಿರಿಕಿರಿ ಸದ್ದಿಲ್ಲದೆ ನಡೆಯುವುದು ಪುಟದ ಬೆಲೆಯನ್ನು ಡಾಲರಿನಲ್ಲಿ ಇಟ್ಟಾಗ: ದಿರ್ಹಮ್ ದರ ಡಾಲರಿಗೆ 3.6725 ಎಂದು ಸ್ಥಿರವಾಗಿದ್ದರೂ ಬ್ಯಾಂಕುಗಳು ವಿದೇಶಿ ಕರೆನ್ಸಿಯ ವಹಿವಾಟಿಗೆ ಪ್ರತ್ಯೇಕ ಶುಲ್ಕ ಹಾಕುವುದರಿಂದ ಸ್ಟೇಟ್‌ಮೆಂಟಿನಲ್ಲಿ ಒಪ್ಪಿದ್ದಕ್ಕಿಂತ ಹೆಚ್ಚು ಕಾಣುತ್ತದೆ. ಬೆಲೆಯನ್ನು ದಿರ್ಹಮಿನಲ್ಲೇ ನಮೂದಿಸುವ ಸೌಲಭ್ಯವಿದ್ದರೆ ಅದನ್ನೇ ಆರಿಸಬೇಕು.

ಇಲ್ಲಿಂದ ಮುಂದೆ ಬರುವುದು ಸದಸ್ಯರ ಸವಕಳಿ, ಅಂದರೆ ತಿಂಗಳು ತಿಂಗಳೂ ಕಳಚಿಕೊಳ್ಳುವವರ ಪ್ರಮಾಣ. ತಿಂಗಳಿಗೆ ನೂರಕ್ಕೆ ನಾಲ್ವರು ಹೋದರೂ ಹೊಸಬರು ಸೇರದಿದ್ದರೆ 200 ಮಂದಿ ಒಂದು ವರ್ಷದಲ್ಲಿ 122ರ ಆಸುಪಾಸಿಗೆ ಇಳಿಯುತ್ತಾರೆ. ಹೀಗೆ ಹೋದವರಲ್ಲಿ ಬೇಸತ್ತು ಹೋದವರೆಷ್ಟು, ತಮಗೇ ತಿಳಿಯದೆ ಹೋದವರೆಷ್ಟು ಎಂದು ಬೇರ್ಪಡಿಸಿ ನೋಡದೆ ಎಲ್ಲರಿಗೂ ಹೊಸ ಆಮಿಷ ಒಡ್ಡುವುದು ವಾಹಿನಿ ನಡೆಸುವವರು ಸಾಮಾನ್ಯವಾಗಿ ಮಾಡುವ ತಪ್ಪು. ಪಾವತಿ ಸಂಸ್ಥೆಯ ಲೆಕ್ಕದ ಪುಟದಲ್ಲಿ ವಿಫಲವಾದ ಪ್ರತಿ ಕಂತಿನ ಎದುರು ಕಾರಣ ಬರೆದಿರುತ್ತದೆ: `expired_card` ಎಂದಿದ್ದರೆ ಕಾರ್ಡಿನ ಅವಧಿ ಮುಗಿದಿದೆ, `insufficient_funds` ಎಂದಿದ್ದರೆ ಆ ದಿನ ಖಾತೆಯಲ್ಲಿ ಹಣವಿರಲಿಲ್ಲ. ಇವರಿಬ್ಬರೂ ವಾಹಿನಿಯನ್ನು ಬಿಟ್ಟವರಲ್ಲ.

ಕೊಲ್ಲಿಯಲ್ಲಿ ಈ ಎರಡನೆಯ ಬಗೆಯ ಸವಕಳಿಗೆ ಬೇರೆಡೆ ಇಲ್ಲದ ಕಾರಣಗಳಿವೆ. ಅಲ್ಲಿನ ಬ್ಯಾಂಕ್ ಖಾತೆ ವಾಸದ ವೀಸಾಕ್ಕೆ, ವೀಸಾ ಬಹುಪಾಲು ಜನರಿಗೆ ನೌಕರಿಗೆ ಕಟ್ಟಿಕೊಂಡಿದೆ. ಕೆಲಸ ಬದಲಾದರೆ ಹೊಸ ಸಂಬಳದ ಖಾತೆಯ ಜೊತೆಗೆ ಹೊಸ ಕಾರ್ಡ್, ಊರಿಗೆ ಮರಳಿದರೆ ಕಾರ್ಡೇ ಇಲ್ಲ. ಸಂಬಳವನ್ನು ಬ್ಯಾಂಕ್ ಮೊದಲಾದ ಅಧಿಕೃತ ಸಂಸ್ಥೆಗಳ ಮೂಲಕವೇ ಕೊಡಿಸುವ, 2009ರಲ್ಲಿ ಜಾರಿಗೆ ಬಂದ ವೇತನ ಸಂರಕ್ಷಣಾ ವ್ಯವಸ್ಥೆಯಿಂದಾಗಿ ದುಡಿಯುವವರ ಖಾತೆಗೆ ಹಣ ಬರುವುದು ತಿಂಗಳ ಕೊನೆಗೆ ಅಥವಾ ಮರುತಿಂಗಳ ಮೊದಲ ದಿನಗಳಲ್ಲಿ. ಬಂದದ್ದರಲ್ಲಿ ಬಾಡಿಗೆ ಹೋಗಿ, ಊರಿಗೆ ಕಳಿಸಬೇಕಾದದ್ದು ಎಕ್ಸ್‌ಚೇಂಜ್ ಮೂಲಕ ಹೋಗಿ, ಇಪ್ಪತ್ತನೇ ತಾರೀಖಿನ ಹೊತ್ತಿಗೆ ಡೆಬಿಟ್ ಕಾರ್ಡಿನ ಖಾತೆ ಬರಿದಾಗಿರುತ್ತದೆ. ಆದ್ದರಿಂದ ಕಂತು ಕಡಿತದ ದಿನವನ್ನು ಆರಿಸುವ ಅವಕಾಶವಿರುವ ಕಡೆ ಅದನ್ನು ತಿಂಗಳ ಮೊದಲ ವಾರಕ್ಕೆ ಇಡಬೇಕು, ವಿಫಲವಾದ ಕಂತಿನ ಮರುಪ್ರಯತ್ನಗಳೂ ಆ ವಾರವನ್ನು ಮುಟ್ಟುವಂತೆ ನೋಡಿಕೊಳ್ಳಬೇಕು. 22ರಂದು ವಿಫಲವಾದ ಕಂತನ್ನು 23, 24, 25ರಂದು ಮತ್ತೆ ಮತ್ತೆ ಎಳೆಯುವುದರಿಂದ ಹಣ ಬರುವುದಿಲ್ಲ. ಬ್ಯಾಂಕಿನಿಂದ ಸದಸ್ಯನ ಮೊಬೈಲಿಗೆ ಮೂರು ನಿರಾಕರಣೆಯ ಸಂದೇಶಗಳು ಹೋಗಿ ಅವನಿಗೆ ಮುಜುಗರವಾಗುವುದಷ್ಟೇ ಲಾಭ.

ಊರಿಗೆ ಮರಳಿದ ಸದಸ್ಯ ಭಾರತದ ಕಾರ್ಡನ್ನು ಸೇರಿಸ ಹೊರಟರೆ ಇನ್ನೊಂದು ತೊಡಕು ಎದುರಾಗುತ್ತದೆ. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ ಮರುಕಳಿಸುವ ಕಾರ್ಡ್ ಪಾವತಿಗೆ ಮೊದಲಿಗೆ ಒಟಿಪಿಯೊಂದಿಗೆ ನೋಂದಣಿಯಾಗಬೇಕು, ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಸೂಚನೆ ಹೋಗಬೇಕು. ಈ ವ್ಯವಸ್ಥೆಗೆ ಹೊಂದಿಕೊಳ್ಳದ ವಿದೇಶಿ ಪುಟಗಳ ಕಂತುಗಳು ಆಗ ಏಕಾಏಕಿ ನಿಂತವು. ಈಗಲೂ ಕಂತು ಬ್ಯಾಂಕಿನಲ್ಲೇ ತಿರಸ್ಕೃತವಾದರೆ ಸದಸ್ಯನಿಗೆ ಕಾರಣ ಗೊತ್ತಾಗುವುದಿಲ್ಲ. ಮಂಗಳೂರಿನಲ್ಲೋ ಕಾಸರಗೋಡಿನಲ್ಲೋ ನೆಲೆಸಿದ ಅಂಥವರಿಗೆ ವಾರ್ಷಿಕ ಚಂದಾವನ್ನು ಒಂದೇ ಪಾವತಿಯಾಗಿ ತೋರಿಸುವುದು ಎಲ್ಲಕ್ಕಿಂತ ಸರಳ ಪರಿಹಾರ.

ಕಂತು ಬಾರದಿದ್ದಾಗ ಕಳಿಸುವ ಸಂದೇಶದ ಧಾಟಿಯೂ ಮುಖ್ಯ. ಪುಟಗಳು ತಾವಾಗಿ ಕಳಿಸುವ ಇಂಗ್ಲಿಷ್ ನೋಟಿಸು ಸಾಲದವರ ತಗಾದೆಯಂತೆ ಕೇಳಿಸುತ್ತದೆ. ಅದರ ಬದಲಿಗೆ ‘ನಮಸ್ಕಾರ. ಈ ತಿಂಗಳ ಸದಸ್ಯತ್ವದ ಕಂತು ನಿಮ್ಮ ಬ್ಯಾಂಕಿನಿಂದ ಬಂದಿಲ್ಲ, ಕಾರ್ಡಿನ ಅವಧಿ ಮುಗಿದಿರಬಹುದು. ಅನುಕೂಲವಾದಾಗ ಈ ಕೊಂಡಿಯಲ್ಲಿ ಹೊಸ ಕಾರ್ಡ್ ಸೇರಿಸಿ. ಅಲ್ಲಿಯವರೆಗೂ ಸಂಚಿಕೆಗಳು ಎಂದಿನಂತೆ ನಿಮಗೆ ತಲುಪುತ್ತವೆ. ಮುಂದುವರಿಸುವ ಮನಸ್ಸಿಲ್ಲದಿದ್ದರೆ ಅದನ್ನೂ ಇದೇ ಕೊಂಡಿಯಲ್ಲಿ ತಿಳಿಸಬಹುದು’ ಎಂದು ಕನ್ನಡದಲ್ಲಿ ಬರೆದರೆ ಸಾಕು. ಯೂಟ್ಯೂಬ್ ಕೊಡದ ಇಮೇಲ್ ವಿಳಾಸ ಬೇಕಾಗುವುದು ಈ ಒಂದು ಪತ್ರಕ್ಕೆ.

ಬೇಸತ್ತು ಹೋಗುವವರ ವಿಷಯ ಬೇರೆ. ಅವರು ಸಾಮಾನ್ಯವಾಗಿ ಹೋಗುವುದು ಕಡಿಮೆ ಕೊಟ್ಟದ್ದಕ್ಕಲ್ಲ, ಹೇಳಿದ್ದನ್ನು ಕೊಡದಿದ್ದಕ್ಕೆ. ಪುಟ ತೆರೆಯುವ ಹುಮ್ಮಸ್ಸಿನಲ್ಲಿ ಮೂರು ಹಂತದ ಸದಸ್ಯತ್ವ, ವಾರಕ್ಕೊಂದು ವಿಶೇಷ ಸಂಚಿಕೆ, ಮುದ್ರಿತ ಕ್ಯಾಲೆಂಡರ್, ಹೆಸರು ಹಾಕಿದ ಕಪ್ಪು ಎಂದು ಮಾತು ಕೊಟ್ಟವರು ನಾಲ್ಕನೆಯ ತಿಂಗಳಿಗೆ ಸಂಬಳದ ಕೆಲಸದ ನಡುವೆ ಏದುಸಿರು ಬಿಡತೊಡಗುತ್ತಾರೆ. ಕಪ್ಪಿನ ಕೊರಿಯರ್ ಖರ್ಚೇ ಹಲವು ತಿಂಗಳ ಕಂತನ್ನು ನುಂಗಿರುತ್ತದೆ. ಒಬ್ಬಿಬ್ಬರು ನಡೆಸುವ ವಾಹಿನಿಗೆ ತಡೆದುಕೊಳ್ಳಬಲ್ಲ ಭರವಸೆ ಎರಡೇ: ಎಲ್ಲರಿಗಿಂತ ಮೊದಲು ಸದಸ್ಯರಿಗೆ ತಲುಪುವ ಸಂಚಿಕೆ, ಮತ್ತು ತಿಂಗಳಿಗೊಮ್ಮೆ ಸದಸ್ಯರೊಂದಿಗೆ ನೇರ ಮಾತುಕತೆ. ಆ ಮಾತುಕತೆಯಲ್ಲೂ ಅಲ್ಲಿನ ನೆಲದ ಮಿತಿಗಳು ಅಡ್ಡಬರುತ್ತವೆ. ವಾಟ್ಸ್‌ಆ್ಯಪಿನಲ್ಲಿ ಬರಹ ಮತ್ತು ಧ್ವನಿ ಟಿಪ್ಪಣಿ ಹೋಗುತ್ತವೆಯಾದರೂ ಕರೆಗಳಿಗೆ ಯುಎಇಯಲ್ಲಿ ಅವಕಾಶವಿಲ್ಲದ ಕಾರಣ ಸಭೆಯನ್ನು ಝೂಮ್‌ನಂಥ ಅನುಮತಿಸಿದ ಸೌಲಭ್ಯದಲ್ಲಿ ಕರೆಯಬೇಕು. 2022ರಿಂದ ವಾರಾಂತ್ಯ ಶನಿವಾರ–ಭಾನುವಾರಕ್ಕೆ ಬದಲಾಗಿರುವುದರಿಂದ ಶನಿವಾರ ಸಂಜೆ ಏಳು ಗಂಟೆ ಅಲ್ಲಿಯವರಿಗೂ, ಒಂದೂವರೆ ಗಂಟೆ ಮುಂದಿರುವ ಕರ್ನಾಟಕದ ಸದಸ್ಯರಿಗೂ ಸಲ್ಲುತ್ತದೆ.

ಬೆಂಬಲಿಗರನ್ನು ಹಿಡಿದಿಡುವ ಇನ್ನೊಂದು ಸಂಗತಿ ಲೆಕ್ಕ ಒಪ್ಪಿಸುವುದು. ಮೂರು ತಿಂಗಳಿಗೊಮ್ಮೆ ಬಂದದ್ದೆಷ್ಟು, ಶುಲ್ಕಕ್ಕೆ ಹೋದದ್ದೆಷ್ಟು, ಪರವಾನಗಿಗೆ, ಮೈಕಿಗೆ, ಸಂಕಲನಕಾರರಿಗೆ ಕೊಟ್ಟದ್ದೆಷ್ಟು ಎಂದು ಆರೇಳು ಸಾಲಿನಲ್ಲಿ ಬರೆದು ಕಳಿಸಿದರೆ ತನ್ನ ಹತ್ತು ದಿರ್ಹಮ್ ಎಲ್ಲಿ ಸಂದಿತೆಂಬುದು ಸದಸ್ಯನಿಗೆ ತಿಳಿಯುತ್ತದೆ. ಸಂಘಗಳ ವಾರ್ಷಿಕ ಮಹಾಸಭೆಗಳಲ್ಲಿ ಖಜಾಂಚಿ ಓದುವ ಲೆಕ್ಕವನ್ನು ಕೇಳಿಕೊಂಡೇ ಬಂದ ಕೊಲ್ಲಿಯ ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಹಾಗೆಯೇ ರಜೆಗೆ ಊರಿಗೆ ಹೋಗುವವರಿಗೆ ಜುಲೈ–ಆಗಸ್ಟ್ ತಿಂಗಳುಗಳ ಮಟ್ಟಿಗೆ ಕಂತನ್ನು ತಡೆಹಿಡಿಯುವ ಅವಕಾಶವಿದ್ದರೆ ಅವರು ಸದಸ್ಯತ್ವವನ್ನೇ ರದ್ದು ಮಾಡುವ ಬದಲು ಸೆಪ್ಟೆಂಬರಿನಲ್ಲಿ ಮರಳುವ ಸಾಧ್ಯತೆ ಹೆಚ್ಚು. ರದ್ದು ಮಾಡುವ ಗುಂಡಿಯನ್ನು ಮರೆಮಾಡಿ ಉಳಿಸಿಕೊಂಡ ಸದಸ್ಯ ಮುಂದಿನ ಸಲ ಬ್ಯಾಂಕಿಗೇ ದೂರು ಕೊಡುತ್ತಾನೆ, ಆಗ ಹಿಂದಿರುಗಿಸಬೇಕಾದ ಕಂತಿನ ಜೊತೆಗೆ ವಿವಾದದ ಶುಲ್ಕವನ್ನೂ ವಾಹಿನಿಯೇ ತೆರಬೇಕಾಗುತ್ತದೆ.

ಬೆಂಬಲಿಗರ ಕಡೆಯಿಂದ ಆಗಬೇಕಾದದ್ದೂ ಒಂದಿದೆ. ನೌಕರಿ ಮುಗಿಸಿ ಊರಿಗೆ ಹೊರಡುವವರು ವಿದ್ಯುತ್ ಸಂಪರ್ಕ, ಬಾಡಿಗೆ ಕರಾರು, ಮೊಬೈಲ್ ಸಂಖ್ಯೆಗಳನ್ನು ರದ್ದು ಮಾಡಿಸುವಾಗ ಕಾರ್ಡಿನ ಸ್ಟೇಟ್‌ಮೆಂಟನ್ನೂ ಒಮ್ಮೆ ತೆರೆದು ನೋಡಿ, ತಾವು ಸದಸ್ಯರಾಗಿರುವ ವಾಹಿನಿಗಳಿದ್ದರೆ ಹೊಸ ಕಾರ್ಡ್ ಸೇರಿಸಬೇಕು, ಇಲ್ಲವೇ ತಾವೇ ಸದಸ್ಯತ್ವ ರದ್ದು ಮಾಡಿ ಆ ಮಾತನ್ನು ವಾಹಿನಿಯವರಿಗೆ ಒಂದು ಸಾಲಿನಲ್ಲಿ ತಿಳಿಸಬೇಕು.